ಮೊದಲ ಕಂತಿನಲ್ಲಿ ಬಡ್ಡಿಯ ಪಾಲು ಶೇಕಡಾ ಎಷ್ಟು?

ಶಿರಸಿಯಲ್ಲಿ ಒಬ್ಬರು ಮನೆ ಕಟ್ಟಲು 20 ಲಕ್ಷ ಸಾಲ ತೆಗೆದಿದ್ದಾರೆ ಅಂದುಕೊಳ್ಳಿ. ಬಡ್ಡಿ ವರ್ಷಕ್ಕೆ ಶೇ. 9, ಅವಧಿ 20 ವರ್ಷ, ಅಂದರೆ 240 ಕಂತು. ತಿಂಗಳ ಕಂತು ಸುಮಾರು 17,995 ರೂಪಾಯಿ ಬರುತ್ತದೆ. ಇದರಲ್ಲಿ ಬಡ್ಡಿ ಎಷ್ಟು ಅಂತ ನೋಡೋಣ.

ವರ್ಷಕ್ಕೆ ಶೇ. 9 ಅಂದರೆ ತಿಂಗಳಿಗೆ ಶೇ. 0.75. ಮೊದಲ ತಿಂಗಳು ಪೂರ್ತಿ 20 ಲಕ್ಷ ಬಾಕಿ ಇರುತ್ತದೆ, ಹಾಗಾಗಿ ಬಡ್ಡಿ 15,000. ಕಂತಿನಲ್ಲಿ ಉಳಿದ 2,995 ಮಾತ್ರ ಅಸಲಿಗೆ ಹೋಗುತ್ತದೆ. 15,000ವನ್ನು 17,995ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇ. 83.4. ಬ್ಯಾಂಕಿನವರು ಬಡ್ಡಿಯನ್ನು ಮೊದಲೇ ಬಾಚಿಕೊಳ್ಳುತ್ತಾರೆ ಅಂತ ಜನ ಬಯ್ಯುತ್ತಾರಲ್ವಾ, ಇಲ್ಲಿ ಅಂಥ ಚಾಲಾಕಿ ಏನಿಲ್ಲ. ಬಾಕಿ ದೊಡ್ಡದು, ಅದಕ್ಕೆ ಬಡ್ಡಿಯೂ ದೊಡ್ಡದು, ಅಷ್ಟೇ.

ಎರಡನೇ ತಿಂಗಳು ಬಾಕಿ 2,995 ಕಡಿಮೆಯಾಗಿದೆ. ಅದರ ಶೇ. 0.75, ಅಂದರೆ ಸುಮಾರು 22 ರೂಪಾಯಿ ಬಡ್ಡಿ ಇಳಿಯುತ್ತದೆ. ಕಂತು ಬದಲಾಗುವುದಿಲ್ಲ, ಆದ್ದರಿಂದ ಆ 22 ರೂಪಾಯಿ ಅಸಲಿನ ಕಡೆಗೆ ಸರಿಯುತ್ತದೆ: 3,017. ಹೀಗೆ ಅಸಲಿನ ಭಾಗ ಪ್ರತಿ ತಿಂಗಳು 1.0075 ಪಟ್ಟು ಬೆಳೆಯುತ್ತಾ ಹೋಗುತ್ತದೆ. 240 ಸಲ ಬೆಳೆದರೆ ಅದು ಪೂರ್ತಿ ಕಂತಿನಷ್ಟಾಗಬೇಕು. ಇದನ್ನೇ ತಿರುಗಿಸಿ ಬರೆದರೆ ಸೂತ್ರ ಸಿಗುತ್ತದೆ:

```
ಮೊದಲ ಕಂತಿನ ಬಡ್ಡಿ ಪಾಲು = 1 − 1 / (1.0075)^240 = 0.834
```

ಸೂತ್ರವನ್ನು ಸ್ವಲ್ಪ ಗಮನವಿಟ್ಟು ನೋಡಿ. ಅದರಲ್ಲಿ 20 ಲಕ್ಷ ಎಲ್ಲೂ ಇಲ್ಲ! ಸಾಲ 5 ಲಕ್ಷವಾಗಲಿ, 50 ಲಕ್ಷವಾಗಲಿ, ದರ ಮತ್ತು ಅವಧಿ ಇದೇ ಆಗಿದ್ದರೆ ಪಾಲು ಶೇ. 83.4. ಹೆಚ್ಚು ಆಟ ಆಡಿಸುವುದು ಅವಧಿ. ಇದೇ ದರದಲ್ಲಿ 10 ವರ್ಷಕ್ಕೆ ಪಾಲು ಶೇ. 59, 30 ವರ್ಷಕ್ಕೆ ಶೇ. 93. 30 ವರ್ಷದ ಕಂತು 16,092 ಮಾತ್ರ, ಕೇಳಲಿಕ್ಕೆ ಹಗುರ. ಆದರೆ ಅದರಲ್ಲಿ ಅಸಲಿಗೆ ಹೋಗುವುದು 1,092.

ಸ್ಪ್ರೆಡ್‌ಶೀಟಿನಲ್ಲಿ ಪರೀಕ್ಷಿಸುವುದಾದರೆ:

```
=IPMT(9%/12,1,240,-2000000)/PMT(9%/12,240,-2000000)
```

IPMT ಅಂದರೆ ಆ ಕಂತಿನ ಬಡ್ಡಿ, PMT ಅಂದರೆ ಪೂರ್ತಿ ಕಂತು. IPMTಯಲ್ಲಿರುವ 1ರ ಜಾಗದಲ್ಲಿ ಬೇರೆ ಕಂತಿನ ಸಂಖ್ಯೆ ಹಾಕಬಹುದು. 12 ಹಾಕಿದರೆ ಶೇ. 81.9. ಒಂದು ವರ್ಷ ಕಟ್ಟಿದರೂ ಒಂದೂವರೆ ಅಂಶ ಮಾತ್ರ ಇಳಿದಿದೆ. ಬಡ್ಡಿ ಅರ್ಧಕ್ಕಿಂತ ಕಡಿಮೆಯಾಗುವುದು 149ನೇ ಕಂತಿನಲ್ಲಿ, ಅಂದರೆ 12 ವರ್ಷ ದಾಟಿದ ಮೇಲೆ. ಇಲ್ಲಿ ಒಂದು ಗೊಂದಲ ಆಗುತ್ತದೆ: 20 ವರ್ಷದ ಎಲ್ಲ ಕಂತು ಕೂಡಿಸಿದರೆ ಅದರಲ್ಲಿ ಬಡ್ಡಿ ಸುಮಾರು ಶೇ. 54. ಮೊದಲ ಕಂತಿನ ಪಾಲೇ ಬೇರೆ, ಒಟ್ಟು ಪಾಲೇ ಬೇರೆ. ಯಾರಾದರೂ ಬಡ್ಡಿಯ ಪಾಲು ಹೇಳಿದರೆ ಅದು ಇವೆರಡರಲ್ಲಿ ಯಾವುದು ಅಂತ ನೋಡಿಕೊಳ್ಳಿ.

ಈಗ ನಮ್ಮ ಶಿರಸಿ ಕಡೆಯ ಒಂದು ಲೆಕ್ಕ. ಈ ಸಾಲಗಾರರು ಮೊದಲ ವರ್ಷ ಮುಗಿದಾಗ ಚಾಲಿ ಅಡಿಕೆ ಮಾರಿದ ದುಡ್ಡಿನಲ್ಲಿ 1 ಲಕ್ಷ ಹೆಚ್ಚುವರಿಯಾಗಿ ಕಟ್ಟುತ್ತಾರೆ. ಬಾಕಿ 19,62,546ರಿಂದ 18,62,546ಕ್ಕೆ ಇಳಿಯುತ್ತದೆ. ಮುಂದಿನ ಕಂತಿನಲ್ಲಿ ಬಡ್ಡಿ 14,719ರ ಬದಲು 13,969, ಪಾಲು ಶೇ. 81.8ರಿಂದ 77.6ಕ್ಕೆ. ಕಂತು ಅಷ್ಟೇ ಇಟ್ಟು ಅವಧಿ ಇಳಿಸಿದರೆ ಕೊನೆಯ 27 ಕಂತು ಪೂರ್ತಿ ತಪ್ಪುತ್ತವೆ. ಅಂದರೆ 4.85 ಲಕ್ಷಕ್ಕಿಂತ ಜಾಸ್ತಿ. ಹಣ ಕಟ್ಟುವಾಗಲೇ "ಕಂತು ಇಳಿಸಬೇಡಿ, ಅವಧಿ ಇಳಿಸಿ" ಅಂತ ಬ್ಯಾಂಕಿಗೆ ಬರೆದುಕೊಡುವುದು ಒಳ್ಳೆಯದು. ಕಂತು ಇಳಿಸಿದರೆ ತಿಂಗಳ ಹೊರೆ ಕಡಿಮೆಯಾಗುತ್ತದೆ, ಆದರೆ ಇಷ್ಟು ಉಳಿಯುವುದಿಲ್ಲ.

ಉಲ್ಟಾ ಕೂಡ ಆಗುತ್ತದೆ. ಬದಲಾಗುವ ದರದ ಸಾಲ ಅಂದುಕೊಳ್ಳಿ. ಹೆಚ್ಚುವರಿ ಕಟ್ಟಿಲ್ಲ, ಒಂದು ವರ್ಷದ ನಂತರ ದರ ಶೇ. 10.5 ಆಯಿತು, ಕಂತು ಮಾತ್ರ ಏರಲಿಲ್ಲ. ಬಡ್ಡಿ 17,172, ಅಸಲಿಗೆ ಬರೀ 822. ಪಾಲು ಶೇ. 95. ಉಳಿದಿದ್ದ 228 ಕಂತು 355 ಆಗುತ್ತವೆ. ಕಂತು ಏರಿಲ್ಲ ಅಂತ ನಿಶ್ಚಿಂತೆಯಿಂದ ಇದ್ದವರಿಗೆ ಇದು ಗೊತ್ತೇ ಆಗುವುದಿಲ್ಲ. ದರ ಶೇ. 11 ದಾಟಿದರೆ ಈ ಕಂತು ಬಡ್ಡಿಗೂ ಸಾಲದು, ಬಾಕಿಯೇ ಬೆಳೆಯತೊಡಗುತ್ತದೆ. ಅವಧಿ ಹಿಗ್ಗಿಸಿ ಇಂಥ ಸ್ಥಿತಿ ತರಬಾರದು ಅಂತ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೇಳಿದೆ. ಮೂರು ತಿಂಗಳಿಗೊಮ್ಮೆ ವಿವರಪಟ್ಟಿ ಕೊಡಬೇಕು ಅಂತಲೂ ಅದೇ ಸುತ್ತೋಲೆಯಲ್ಲಿದೆ. ಈವರೆಗೆ ವಸೂಲಾದ ಅಸಲು, ಬಡ್ಡಿ, ಉಳಿದ ಕಂತುಗಳ ಸಂಖ್ಯೆ ಅದರಲ್ಲಿ ಇರುತ್ತವೆ. ಎರಡು ಪಟ್ಟಿಗಳನ್ನು ಪಕ್ಕದಲ್ಲಿಟ್ಟು ಬಡ್ಡಿಯ ವ್ಯತ್ಯಾಸವನ್ನು ಆ ಮೂರು ತಿಂಗಳು ಕಟ್ಟಿದ ಮೊತ್ತದಿಂದ ಭಾಗಿಸಿ. ಪಾಲು ಹಿಂದಿನ ಸಲಕ್ಕಿಂತ ಏರಿದ್ದರೆ, ಉಳಿದ ಕಂತುಗಳ ಸಂಖ್ಯೆ ಎಷ್ಟಾಗಿದೆ ಅಂತ ಕೂಡಲೇ ನೋಡಿ.