ವಾಂತಿ ಇಲ್ಲದ ದಿನಗಳು ಹೇಳುವ ಕಾಯಿಲೆ

ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1882ರಲ್ಲಿ ಒಂಬತ್ತು ಮಕ್ಕಳ ಬಗ್ಗೆ ಬರೆದರು. ಆ ಮಕ್ಕಳಿಗೆ ಇದ್ದಕ್ಕಿದ್ದಂತೆ ಶುರುವಾದ ವಾಂತಿ ಕೆಲವು ಗಂಟೆ ಅಥವಾ ಕೆಲವು ದಿನ ಕಾಡಿ ತಾನಾಗಿಯೇ ನಿಲ್ಲುತ್ತಿತ್ತು. ನಡುವಿನ ದಿನಗಳಲ್ಲಿ ಕಾಯಿಲೆಯ ಸುಳಿವೇ ಇರುತ್ತಿರಲಿಲ್ಲ. ನಂತರದ ನೂರು ವರ್ಷ ಈ ವಾಂತಿಯನ್ನು ಹೊಟ್ಟೆಯ ಸೋಂಕು, ಆಹಾರದ ದೋಷ, ಶಾಲೆ ತಪ್ಪಿಸುವ ನೆಪ ಎಂದೆಲ್ಲ ಕರೆಯಲಾಯಿತು. ಸೈಕ್ಲಿಕ್ ವಾಮಿಟಿಂಗ್ ಸಿಂಡ್ರೋಮ್ ಎಂಬ ಹೆಸರಿಗೆ ಸ್ಪಷ್ಟ ಲಕ್ಷಣಪಟ್ಟಿ ಸಿಕ್ಕಿದ್ದು 1990ರ ದಶಕದಿಂದೀಚೆಗೆ. ಈಗ ತಲೆನೋವುಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಇದು ಮೈಗ್ರೇನ್‌ಗೆ ಸಂಬಂಧಿಸಿದ ಕಾಯಿಲೆಗಳ ಸಾಲಿನಲ್ಲಿದೆ.

ವಾಂತಿಗೂ ತಲೆನೋವಿಗೂ ಏನು ನಂಟು? ಎರಡೂ ಸರದಿಯಂತೆ ಬಂದು ಹೋಗುತ್ತವೆ. ಎರಡರಲ್ಲೂ ಮುಖ ಬಿಳಿಚುತ್ತದೆ, ಬೆಳಕು ಮತ್ತು ಸದ್ದು ಸಹಿಸಲಾಗುವುದಿಲ್ಲ. ನಿದ್ದೆಗೆಡುವುದು, ಹಸಿದಿರುವುದು, ಮುಟ್ಟು, ಅತಿಯಾದ ಸಂಭ್ರಮ ಎರಡನ್ನೂ ಕೆರಳಿಸುತ್ತವೆ. ಇಂಥ ಅನೇಕ ಮಕ್ಕಳ ಮನೆಯಲ್ಲಿ ಯಾರಿಗಾದರೂ ಮೈಗ್ರೇನ್ ಇರುತ್ತದೆ. ನಿಖರ ಕಾರಣ ಪೂರ್ತಿ ಬಿಡಿಸಿಲ್ಲವಾದರೂ, ಕೆರಳುವುದು ಮಿದುಳು, ಅದರ ಪೆಟ್ಟು ಬೀಳುವುದು ಹೊಟ್ಟೆಗೆ ಎಂಬುದೇ ಇಂದಿನ ತಿಳಿವಳಿಕೆ.

ಏಳು ವರ್ಷದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಹುಟ್ಟುಹಬ್ಬದ ಮರುದಿನ ನಸುಕಿನಲ್ಲಿ ಏಳುತ್ತಾಳೆ. ಮುಖದಲ್ಲಿ ರಕ್ತವಿಲ್ಲ, ಬಾಯಲ್ಲಿ ಜೊಲ್ಲು, ಮಾತು ಬೇಡ. ಇದು ಮುನ್ಸೂಚನೆಯ ಹಂತ. ಒಂದು ಗಂಟೆಯೊಳಗೆ ವಾಂತಿ ಶುರು, ಅದೂ ಹತ್ತು ಹದಿನೈದು ನಿಮಿಷಕ್ಕೊಮ್ಮೆ. ಹೊಟ್ಟೆ ಬರಿದಾದರೂ ಓಕರಿಕೆ ನಿಲ್ಲದು. ಒಂದೂವರೆ ದಿನ ಹೀಗೇ ಹೋಗಿ, ಒಮ್ಮೆ ಗಾಢ ನಿದ್ದೆ ಹತ್ತುತ್ತದೆ. ಎದ್ದವಳೇ ಊಟ ಕೇಳುತ್ತಾಳೆ. ಮುಂದಿನ ಐದು ವಾರ ಆಟ, ಓಟ, ಎಲ್ಲವೂ ಮಾಮೂಲು. ಆಮೇಲೆ ಅದೇ ನಸುಕಿನ ಹೊತ್ತು, ಅದೇ ಬಿಳಿಚಿದ ಮುಖ.

ಪ್ರತಿ ಸಲವೂ ತುರ್ತು ಚಿಕಿತ್ಸೆಗೆ ಒಯ್ದಾಗ ಬೇರೆ ವೈದ್ಯರು ನೋಡುತ್ತಾರೆ, ಪ್ರತಿ ಸಲವೂ ಅದು ಹೊಸ ಸೋಂಕು ಎನಿಸಿಕೊಳ್ಳುತ್ತದೆ. ಆ ಒಂದು ದಿನವನ್ನಷ್ಟೇ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜವೇ. ಆದರೆ ಸೋಂಕು ಹೀಗೆ ಗಡಿಯಾರ ನೋಡಿಕೊಂಡು ಬರುವುದಿಲ್ಲ, ಮನೆಯಲ್ಲಿ ಒಬ್ಬರನ್ನೇ ಆರಿಸಿಕೊಳ್ಳುವುದೂ ಇಲ್ಲ. ಹಿಂದಿನ ಬಾರಿ ಯಾವಾಗ ಎಂದು ಕೇಳಿದ್ದರೆ ಎಷ್ಟೋ ಮಕ್ಕಳ ವರ್ಷಗಳು ಉಳಿಯುತ್ತಿದ್ದವು. ದಿನಾಂಕ, ಶುರುವಾದ ಹೊತ್ತು, ಹಿಂದಿನ ದಿನ ನಡೆದದ್ದು, ನಿಂತ ಹೊತ್ತು: ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಯಾವ ಸ್ಕ್ಯಾನಿಗಿಂತಲೂ ಹೆಚ್ಚು ಹೇಳುತ್ತದೆ.

ಹಾಗೆಂದು ಸ್ಕ್ಯಾನು, ಪರೀಕ್ಷೆ ಬೇಡವೆಂದಲ್ಲ. ವಾಂತಿ ಹಸಿರಾಗಿದ್ದರೆ ಕರುಳು ತಿರುಚಿಕೊಂಡಿದೆಯೇ ಎಂದು ತಡಮಾಡದೆ ನೋಡಬೇಕು. ತಲೆನೋವು ದಿನದಿಂದ ದಿನಕ್ಕೆ ಏರುತ್ತಿದ್ದರೆ, ನಡಿಗೆ ತಡವರಿಸಿದರೆ ಮಿದುಳಿನ ಸ್ಕ್ಯಾನ್ ಬೇಕು. ಚಯಾಪಚಯದ ದೋಷದ ಶಂಕೆಯಿದ್ದರೆ ರಕ್ತ, ಮೂತ್ರದ ಮಾದರಿಯನ್ನು ಗ್ಲೂಕೋಸ್ ಡ್ರಿಪ್ ಹಾಕುವ ಮೊದಲೇ ತೆಗೆದುಕೊಳ್ಳಬೇಕು. ಡ್ರಿಪ್ ಹರಿದ ಮೇಲೆ ಆ ದೋಷದ ಗುರುತು ಅಳಿಸಿಹೋಗಬಹುದು.

ಚಿಕಿತ್ಸೆಯಲ್ಲಿ ಯಾವ ಔಷಧಿ ಎಂಬಷ್ಟೇ ಯಾವಾಗ ಎಂಬುದೂ ಮುಖ್ಯ. ಮುನ್ಸೂಚನೆಯ ಹಂತದ ಆ ಅಲ್ಪ ಸಮಯದಲ್ಲಿ, ವೈದ್ಯರು ಮೊದಲೇ ಬರೆದುಕೊಟ್ಟಿದ್ದರೆ, ಮೈಗ್ರೇನಿನದೇ ಔಷಧಿಯಾದ ಸುಮಾಟ್ರಿಪ್ಟಾನನ್ನು ಮೂಗಿಗೆ ಸಿಂಪಡಿಸಬಹುದು. ನಾಲಿಗೆಯ ಮೇಲೆ ಕರಗುವ ಆಂಡಾನ್ಸೆಟ್ರಾನ್ ಮಾತ್ರೆಯನ್ನೂ ಕೊಡಬಹುದು. ವಾಂತಿ ಹಿಡಿತ ಬಿಗಿಯಾದ ಮೇಲೆ ನುಂಗಿದ ಮಾತ್ರೆ ಒಳಗೆ ನಿಲ್ಲುವುದೇ ಇಲ್ಲ. ಆಗ ಬೇಕಾದದ್ದು ಆಸ್ಪತ್ರೆ, ಕತ್ತಲೆಯ ನಿಶ್ಶಬ್ದ ಕೋಣೆ, ಗ್ಲೂಕೋಸ್ ಮತ್ತು ಲವಣವಿರುವ ಡ್ರಿಪ್, ವಾಂತಿ ತಡೆಯುವ ಇಂಜೆಕ್ಷನ್. ಅದಕ್ಕೂ ಬಗ್ಗದಿದ್ದರೆ ನಿದ್ದೆ ಬರಿಸುವ ಔಷಧಿ, ಏಕೆಂದರೆ ನಿದ್ದೆ ಹತ್ತಿದಾಗಲೇ ಹಲವರಲ್ಲಿ ವಾಂತಿ ನಿಲ್ಲುತ್ತದೆ.

ದಾಳಿ ಪದೇ ಪದೇ ಬರುತ್ತಿದ್ದರೆ ದಿನವೂ ತಡೆಮದ್ದು ಬೇಕಾಗುತ್ತದೆ. ಉತ್ತರ ಅಮೆರಿಕದ ಮಕ್ಕಳ ಜಠರ-ಕರುಳು ತಜ್ಞರು 2008ರಲ್ಲಿ ಹೊರಡಿಸಿದ ಮಾರ್ಗಸೂಚಿ ಐದು ವರ್ಷದೊಳಗಿನವರಿಗೆ ಸೈಪ್ರೊಹೆಪ್ಟಡೀನ್, ದೊಡ್ಡ ಮಕ್ಕಳಿಗೆ ಅಮಿಟ್ರಿಪ್ಟಿಲೀನ್ ಸೂಚಿಸಿತು. ಇವೆರಡನ್ನೂ ಮೈಗ್ರೇನ್ ತಡೆಯಲೂ ಬಳಸುತ್ತಾರೆ. ಅಮಿಟ್ರಿಪ್ಟಿಲೀನ್ ಹೃದಯದ ಬಡಿತದ ಲಯ ಕೆಡಿಸಬಹುದಾದ್ದರಿಂದ ಮೊದಲು ಇಸಿಜಿ ಮಾಡಿಸುತ್ತಾರೆ. ರಾತ್ರಿ ಹೊತ್ತು ಸಣ್ಣ ಪ್ರಮಾಣದಲ್ಲಿ ಶುರುಮಾಡಿ ವಾರಗಟ್ಟಲೆ ನಿಧಾನವಾಗಿ ಏರಿಸುತ್ತಾರೆ. ಮೊದಲ ವಾರದಲ್ಲೇ ಗುಣ ಕಾಣಲಿಲ್ಲವೆಂದು ಬಿಟ್ಟುಬಿಡುವುದು ಸಾಮಾನ್ಯ ತಪ್ಪು.

ಬಹಳಷ್ಟು ಮಕ್ಕಳಲ್ಲಿ ಬೆಳೆಯುತ್ತ ವಾಂತಿ ನಿಲ್ಲುತ್ತದೆ. ಅವರಲ್ಲಿ ಕೆಲವರು ಹದಿಹರೆಯಕ್ಕೆ ಬಂದಾಗ ತಲೆಯ ಒಂದು ಬದಿ ಸಿಡಿಯುತ್ತದೆ ಎನ್ನತೊಡಗುತ್ತಾರೆ. ಆಗ ಆ ಹಳೆಯ ನೋಟ್‌ಬುಕ್ಕನ್ನು ತಲೆನೋವಿನ ವೈದ್ಯರಿಗೂ ತೋರಿಸಬೇಕು.