ಕಪ್ಪಾದ ಗೆಜ್ಜೆ ಬೆಳ್ಳಿಯದೇ, ಗಿಲೀಟಿನದೇ?

ಮಲೆನಾಡಿನಲ್ಲಿ ಮಳೆಗಾಲ ಕಳೆಯುವಷ್ಟರಲ್ಲಿ ಕಪಾಟಿನಲ್ಲಿಟ್ಟ ಗೆಜ್ಜೆ ಕಪ್ಪಿಟ್ಟಿರುತ್ತದೆ. ನಿಜವಾದ ಬೆಳ್ಳಿ ಕಪ್ಪಾಗುವುದಿಲ್ಲ ಎಂದು ನಂಬಿದವರು ಆಗ ಅಂಗಡಿಯವರನ್ನು ಶಂಕಿಸುತ್ತಾರೆ. ಆದರೆ ಕಪ್ಪಾಗುವುದು ಬೆಳ್ಳಿಯ ಗುಣವೇ. ಗಾಳಿಯಲ್ಲಿ ಅತ್ಯಲ್ಪವಾಗಿರುವ ಹೈಡ್ರೋಜನ್ ಸಲ್ಫೈಡ್ ಅನಿಲ ಬೆಳ್ಳಿಯೊಡನೆ ಸೇರಿ ಸಿಲ್ವರ್ ಸಲ್ಫೈಡ್ ಎಂಬ ಕಪ್ಪು ಪದರವಾಗುತ್ತದೆ. ಗಾಳಿಯಲ್ಲಿ ತೇವವಿದ್ದಷ್ಟೂ ಇದು ಬೇಗ. ಗಿಲೀಟಿನ ಮೇಲ್ಪದರವೂ ಬೆಳ್ಳಿಯೇ ಆದರೆ ಅದೂ ಹೀಗೇ ಕಪ್ಪಾಗುತ್ತದೆ.

ಹಾಗಾಗಿ ಮೊದಲು ನೋಡಬೇಕಾದದ್ದು ಸವೆಯುವ ಜಾಗ: ಕೊಂಡಿ, ಸರಪಳಿಯ ಉಂಗುರಗಳು ಒಂದಕ್ಕೊಂದು ಉಜ್ಜುವ ಕಡೆ, ಗೆಜ್ಜೆಯ ತಳ. ಅಲ್ಲಿ ಹಳದಿ ಅಥವಾ ಕೆಂಪು ಇಣುಕಿದರೆ ಒಳಗಿರುವುದು ಹಿತ್ತಾಳೆ ಅಥವಾ ತಾಮ್ರ. ಅಯಸ್ಕಾಂತವನ್ನು ನೆಚ್ಚಬೇಡಿ. ಹಿತ್ತಾಳೆ, ತಾಮ್ರ ಯಾವುದೂ ಅದಕ್ಕೆ ಅಂಟುವುದಿಲ್ಲ. ಗೆಜ್ಜೆಯೊಳಗಿನ ಗುಂಡು ಕಬ್ಬಿಣದ್ದಾದರೆ ಅಪ್ಪಟ ಬೆಳ್ಳಿಯದೂ ಎಳೆಯಲ್ಪಡುತ್ತದೆ.

ಹೆಚ್ಚು ಭರವಸೆಯದು ಸಾಂದ್ರತೆ. 0.1 ಗ್ರಾಂ ತೋರಿಸುವ ತಕ್ಕಡಿ ಬೇಕು. ಗೆಜ್ಜೆ 52 ಗ್ರಾಂ ತೂಗಿತೆನ್ನಿ. ಒಂದು ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಗೆಜ್ಜೆಯನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ಕಾಣುವ ಅಂಕಿಯೇ ಅದರ ಗಾತ್ರ, ಘನ ಸೆಂಟಿಮೀಟರಿನಲ್ಲಿ. 5.1 ಬಂದರೆ 52ನ್ನು 5.1ರಿಂದ ಭಾಗಿಸಿ: 10.2. ಶುದ್ಧ ಬೆಳ್ಳಿಯದು 10.5, ಹಿತ್ತಾಳೆ ಮತ್ತು ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರಿನದು ಸುಮಾರು 8.5. ಅಂದರೆ ಇದು ತಾಮ್ರ ಸ್ವಲ್ಪ ಬೆರೆತ ಬೆಳ್ಳಿ. ಗೆಜ್ಜೆಗಳೊಳಗೆ ಅರ್ಧ ಘನ ಸೆಂಟಿಮೀಟರ್ ಗಾಳಿ ಉಳಿದರೂ ಲೆಕ್ಕ 9.3ಕ್ಕೆ ಇಳಿದು ಒಳ್ಳೆಯ ಬೆಳ್ಳಿಯೂ ಕಲಬೆರಕೆಯಂತೆ ಕಾಣುತ್ತದೆ. ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿ, ಗುಳ್ಳೆ ನಿಲ್ಲುವವರೆಗೆ ಅಲ್ಲಾಡಿಸಿ, ಆಮೇಲೆ ತೂಗಿ. ಗುಂಡಿನಿಂದಲೂ ಲೆಕ್ಕ ತುಸು ತಗ್ಗುತ್ತದೆ.

ತೊಳೆಯಲು ಹುಣಸೆಹುಳಿ ಸಾಲದು; ಅದು ತಾಮ್ರ, ಹಿತ್ತಾಳೆಯ ಕಿಲುಬಿಗೆ ಸರಿ, ಸಿಲ್ವರ್ ಸಲ್ಫೈಡ್ ಅದರಲ್ಲಿ ಕರಗದು. ಟೂತ್‌ಪೇಸ್ಟ್, ವಿಭೂತಿ ಕಪ್ಪಿನ ಜೊತೆ ಬೆಳ್ಳಿಯನ್ನೂ ಉಜ್ಜಿ ತೆಗೆಯುತ್ತವೆ, ಗಿಲೀಟಿಗಂತೂ ಅದು ಮಾರಕ. ಬದಲಿಗೆ ಗೆಜ್ಜೆಯನ್ನು ಸೋಪಿನಲ್ಲಿ ತೊಳೆದು ಜಿಡ್ಡು ತೆಗೆಯಿರಿ. ಗಾಜಿನ ಅಥವಾ ಸ್ಟೀಲ್ ಬೋಗುಣಿಯ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಗೆಜ್ಜೆಯನ್ನು ಅದಕ್ಕೆ ತಾಗುವಂತೆ ಇಡಿ. ಅರ್ಧ ಲೀಟರ್ ಕುದಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡ, ಒಂದು ಚಿಕ್ಕ ಚಮಚ ಉಪ್ಪು ಬೆರೆಸಿ ಸುರಿಯಿರಿ. ಅಲ್ಯೂಮಿನಿಯಂ ಕಪ್ಪು ಪದರದಲ್ಲಿರುವ ಗಂಧಕವನ್ನು ಸೆಳೆದುಕೊಳ್ಳುತ್ತದೆ, ಬೆಳ್ಳಿ ಗೆಜ್ಜೆಯಲ್ಲೇ ಉಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ನಡೆದಿದೆ ಎಂದರ್ಥ, ಕಿಟಕಿ ತೆರೆದಿಡಿ. ಮೂರು ನಿಮಿಷದಲ್ಲಿ ಬಣ್ಣ ಬದಲಾಗದಿದ್ದರೆ ಗೆಜ್ಜೆ ಫಾಯಿಲಿಗೆ ತಾಗಿಲ್ಲ ಅಥವಾ ನೀರು ತಣ್ಣಗಾಗಿದೆ. ಹರಳು, ಮೀನಾ, ಅರಗು ತುಂಬಿದ್ದನ್ನು, ಬೇಕೆಂದೇ ಕಪ್ಪು ಮಾಡಿದ ಕೆತ್ತನೆಯನ್ನು ಇದರಲ್ಲಿ ಅದ್ದಬಾರದು.

ಬಟ್ಟೆಯಲ್ಲಿ ಒರೆಸಿದರೂ ಗೆಜ್ಜೆಗಳೊಳಗೆ ನೀರು ಉಳಿಯುತ್ತದೆ. ಒಂದಿಡೀ ದಿನ ಫ್ಯಾನಿನಡಿ ಆರಿಸಿ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಡಿ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರಲ್ಲೂ ಗಂಧಕವಿದೆ.