ಎರಡೇ ಸ್ಯಾಂಪಲ್‌ನಲ್ಲಿ ನಿಲ್ಲುತ್ತದೆ, ಸರಿ. ಅದಕ್ಕೆ ಎಷ್ಟು ಬಲ ಬೇಕು ಅಂತ ನೋಡಿದ್ದೀರಾ?

ಓದುಗರ ಪ್ರಶ್ನೆ: ಡೆಡ್‌ಬೀಟ್ ಕಂಟ್ರೋಲರ್‌ನಲ್ಲಿ ಪೋಲ್‌ಗಳನ್ನೆಲ್ಲ ಸೊನ್ನೆಗೆ ತಂದಿಟ್ಟರೆ n ಸ್ಯಾಂಪಲ್‌ಗಳಲ್ಲಿ ದೋಷ ಪೂರ್ತಿ ಸೊನ್ನೆಯಾಗುತ್ತದೆ. ಹಾಗಾದರೆ ಸ್ಯಾಂಪ್ಲಿಂಗ್ ಅವಧಿ T ಕಡಿಮೆ ಮಾಡುತ್ತಾ ಹೋದರೆ ಎಷ್ಟು ಬೇಗ ಬೇಕಾದರೂ ನಿಲ್ಲಿಸಬಹುದಲ್ಲ? ಸಿಮ್ಯುಲೇಶನ್‌ನಲ್ಲಿ ಚೆನ್ನಾಗಿ ಬರುತ್ತದೆ, ಹಾರ್ಡ್‌ವೇರ್ ಮೇಲೆ ಹಾಕಿದರೆ ತೂಗಾಡುತ್ತದೆ. ಯಾಕೆ?

ಇದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಲೆಕ್ಕ ಬಿಡಿಸಿಯೇ ಬರೆಯುತ್ತೇನೆ. ಪೆನ್ನು, ಕಾಗದ ಹಿಡಿದುಕೊಂಡು ಓದಿ.

ಘರ್ಷಣೆಯಿಲ್ಲದ ಹಳಿಯ ಮೇಲೆ 1 ಕೆಜಿ ತೂಕದ ಒಂದು ಗಾಡಿ ಇದೆ ಅಂದುಕೊಳ್ಳಿ. ಸ್ಥಾನ x, ವೇಗ v, ಮೋಟರ್ ಕೊಡುವ ಬಲ u. ಒಂದು ಸ್ಯಾಂಪಲ್ ಪೂರ್ತಿ u ಬದಲಾಗದೆ ಇರುತ್ತದೆ. ಆಗ ಮುಂದಿನ ಸ್ಯಾಂಪಲ್‌ನ ಸ್ಥಾನ x + Tv + T²u/2, ವೇಗ v + Tu. ಸ್ಟೇಟ್‌ಗಳು ಎರಡು, ಆದ್ದರಿಂದ ಡೆಡ್‌ಬೀಟ್ ಎಂದರೆ ಎರಡು ಸ್ಯಾಂಪಲ್. ಎರಡೂ ಪೋಲ್ ಸೊನ್ನೆಗೆ ಬರುವಂತೆ ಗೇನ್ ಬಿಡಿಸಿದರೆ ಸಿಗುವ ನಿಯಮ ಇಷ್ಟೇ:

```
u = -( x/T² + 1.5·v/T )
```

ಗಾಡಿ ಗುರಿಯಿಂದ 1 ಮೀಟರ್ ದೂರದಲ್ಲಿ ಸುಮ್ಮನೆ ನಿಂತಿದೆ ಅನ್ನಿ. ಮೊದಲ ಸ್ಯಾಂಪಲ್‌ನಲ್ಲಿ u = -1/T². ಅದು ಮುಗಿಯುವಾಗ ಗಾಡಿ ಅರ್ಧ ದಾರಿಯಲ್ಲಿ, 0.5 ಮೀಟರ್‌ನಲ್ಲಿದೆ, ವೇಗ -1/T. ಅದನ್ನು ಅದೇ ನಿಯಮಕ್ಕೆ ಹಾಕಿದರೆ ಎರಡನೇ ಸ್ಯಾಂಪಲ್‌ನಲ್ಲಿ u = +1/T². ಅದು ಮುಗಿದಾಗ ಸ್ಥಾನವೂ ಸೊನ್ನೆ, ವೇಗವೂ ಸೊನ್ನೆ. ಹತ್ತಿರ ಹತ್ತಿರ ಸೊನ್ನೆಯಲ್ಲ, ನಿಜವಾದ ಸೊನ್ನೆ. ಸ್ಥಿರ ಗೇನ್ ಇರುವ ನಿರಂತರ ಫೀಡ್‌ಬ್ಯಾಕ್ ಇದನ್ನು ಯಾವತ್ತೂ ಮಾಡಲಾರದು, ಅಲ್ಲಿ ದೋಷ ಘಾತೀಯವಾಗಿ ಸವೆಯುತ್ತಲೇ ಇರುತ್ತದೆ. ಡೆಡ್‌ಬೀಟ್‌ಗೆ ಮನಸೋಲುವುದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ.

ತಪ್ಪು ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ: "T ಚಿಕ್ಕದು ಮಾಡಿದರೆ ಆಯಿತು." ಎಷ್ಟು ಸಲ ಅಲ್ಲವೆಂದರೂ ಈ ನಂಬಿಕೆ ಹೋಗುತ್ತಿಲ್ಲ. T = 1 ಸೆಕೆಂಡ್ ಇದ್ದರೆ ಬೇಕಾದ ಬಲ 1 ನ್ಯೂಟನ್. T = 0.1 ಮಾಡಿ, 100 ನ್ಯೂಟನ್. T = 0.01 ಮಾಡಿ, 10,000 ನ್ಯೂಟನ್. ಹತ್ತು ಪಟ್ಟು ಬೇಗ ಬೇಕೆಂದರೆ ನೂರು ಪಟ್ಟು ಬಲ. ಮೋಟರ್ ಬಿಸಿಯಾಗುವುದು ಕರೆಂಟ್‌ನ ವರ್ಗಕ್ಕೆ ಅನುಗುಣವಾಗಿ, ಹಾಗಾಗಿ ಹತ್ತರಲ್ಲೊಂದು ಹೊತ್ತಿನಲ್ಲೇ ಮುಗಿದರೂ ಸುರುಳಿಯಲ್ಲಿ ಹುಟ್ಟುವ ಒಟ್ಟು ಶಾಖ ಸಾವಿರ ಪಟ್ಟು.

ಇದಕ್ಕೆ ಡೆಡ್‌ಬೀಟ್ ಸೂತ್ರವನ್ನು ದೂರುವವರಿದ್ದಾರೆ. ಗೇನ್ ಬಿಡಿಸುವ ಬೇರೆ ದಾರಿ ಇದೆಯಾ, ಬಲ ಕಡಿಮೆ ಬೇಡುವ ಡೆಡ್‌ಬೀಟ್ ಸಿಗುತ್ತದಾ ಅಂತ ಹುಡುಕುತ್ತಾರೆ. ಸಿಗುವುದಿಲ್ಲ. ಎರಡು ಸ್ಯಾಂಪಲ್ ಎಂದರೆ ನಿಮ್ಮ ಕೈಯಲ್ಲಿರುವುದು ಎರಡೇ ಸಂಖ್ಯೆ, ಎರಡು ಬಲಗಳು. ಪೂರೈಸಬೇಕಾದ ಷರತ್ತೂ ಎರಡು: ಸ್ಥಾನ ಸೊನ್ನೆ, ವೇಗ ಸೊನ್ನೆ. ಎರಡು ಸಮೀಕರಣ, ಎರಡು ಅವ್ಯಕ್ತ, ಉತ್ತರ ಒಂದೇ. ಯಾವ ವಿಧಾನದಿಂದ ಬಿಡಿಸಿದರೂ ಅದೇ ±1/T² ಬರುತ್ತದೆ. ಆಯ್ಕೆ ಮಾಡಿಕೊಳ್ಳಲು ಜಾಗವೇ ಇಲ್ಲದಿರುವಾಗ ಕಡಿಮೆ ಬಲದ ದಾರಿ ಎಲ್ಲಿಂದ ಬರಬೇಕು?

ಇನ್ನೂ ಗಟ್ಟಿಯಾದ ಮಾತೊಂದಿದೆ. ಕಂಟ್ರೋಲರ್ ವಿಷಯವನ್ನೇ ಮರೆತುಬಿಡಿ. 1 ಕೆಜಿ ಗಾಡಿಯನ್ನು ನಿಂತ ಸ್ಥಿತಿಯಿಂದ d ದೂರ ಒಯ್ದು, L ಸೆಕೆಂಡ್‌ನಲ್ಲಿ ಮತ್ತೆ ನಿಲ್ಲಿಸಲು ಕನಿಷ್ಠ ಬೇಕಾದ ಗರಿಷ್ಠ ಬಲ 4d/L². ಅರ್ಧ ದೂರ ಪೂರ್ತಿ ತಳ್ಳು, ಉಳಿದರ್ಧ ಪೂರ್ತಿ ತಡೆ, ಇದಕ್ಕಿಂತ ಕಡಿಮೆಯಲ್ಲಿ ಆಗದು. ಇಲ್ಲಿ L = 2T ಹಾಕಿ ನೋಡಿ: d/T². ಡೆಡ್‌ಬೀಟ್ ಕೇಳಿದ್ದೂ ಅಷ್ಟನ್ನೇ. ಅಂದರೆ ಅದು ಈ ಚಲನೆಯಲ್ಲಿ ಒಂದು ನ್ಯೂಟನ್ನೂ ದುಂದು ಮಾಡುತ್ತಿಲ್ಲ. ದುಬಾರಿಯಾಗಿರುವುದು ನೀವು ಕೇಳಿದ ಸಮಯ. ಒಂದು ಮೀಟರನ್ನು ಈ ಕನಿಷ್ಠ ಬಲದಲ್ಲೇ 0.2 ಸೆಕೆಂಡ್‌ನಲ್ಲಿ ದಾಟಿ ನಿಲ್ಲಬೇಕೆಂದರೆ ನಡುದಾರಿಯಲ್ಲಿ ವೇಗ ಸೆಕೆಂಡಿಗೆ 10 ಮೀಟರ್ ಇರಲೇಬೇಕು. ಸ್ಯಾಂಪಲ್‌ಗಳ ಲೆಕ್ಕದಲ್ಲಿ "ಎರಡು" ಅನ್ನುವುದು ಚಿಕ್ಕ ಸಂಖ್ಯೆಯಾಗಿ ಕಾಣುತ್ತದೆ, ಗಾಡಿಗೆ ಮಾತ್ರ ಸೆಕೆಂಡ್ ಬಿಟ್ಟರೆ ಬೇರೆ ಲೆಕ್ಕ ಗೊತ್ತಿಲ್ಲ.

ಈಗ ಹಾರ್ಡ್‌ವೇರ್ ಮೇಲೆ ಆದದ್ದನ್ನು ನೋಡೋಣ. ನಿಮ್ಮ ಮೋಟರ್ ಕೊಡಬಲ್ಲದ್ದು ಹೆಚ್ಚೆಂದರೆ 1 ನ್ಯೂಟನ್ ಇರಲಿ, T = 0.1 ಇರಲಿ. ಈ ಕೋಡ್ ಓಡಿಸಿ:

```python
T, umax = 0.1, 1.0
x, v = 1.0, 0.0
for k in range(70):
    u = -(x/T**2 + 1.5*v/T)
    u = max(-umax, min(umax, u))
    x, v = x + T*v + 0.5*T*T*u, v + T*u
    print(k+1, round(x, 3), round(v, 3), u)
```

ಕಂಟ್ರೋಲರ್ 100 ನ್ಯೂಟನ್ ಕೇಳುತ್ತದೆ, 1 ಸಿಗುತ್ತದೆ. ಅದು ಸಿಕ್ಕಿದ್ದೆಷ್ಟು ಅಂತ ತಿರುಗಿ ನೋಡುವುದಿಲ್ಲ, ತನ್ನಲ್ಲಿ ಇನ್ನೂ ನೂರರ ಬ್ರೇಕ್ ಇದೆ ಅಂತಲೇ ನಂಬಿ ತಳ್ಳುತ್ತಾ ಹೋಗುತ್ತದೆ. ಬ್ರೇಕ್ ಹಾಕಲು ಶುರು ಮಾಡುವುದು 1.3ನೇ ಸೆಕೆಂಡ್‌ಗೆ. ಅಷ್ಟರಲ್ಲಿ ಗಾಡಿ ಗುರಿಯಿಂದ 15.5 ಸೆಂ.ಮೀ. ದೂರದಲ್ಲಿದೆ, ವೇಗ ಸೆಕೆಂಡಿಗೆ 1.3 ಮೀಟರ್. 1 ನ್ಯೂಟನ್‌ನಲ್ಲಿ ನಿಲ್ಲಿಸಲು 84.5 ಸೆಂ.ಮೀ. ಬೇಕು. ಗಾಡಿ ಗುರಿ ದಾಟಿ 69 ಸೆಂ.ಮೀ. ಆಚೆ ಹೋಗಿ ನಿಲ್ಲುತ್ತದೆ, 2.6ನೇ ಸೆಕೆಂಡ್‌ಗೆ. ಅಲ್ಲಿಂದ ವಾಪಸ್ ಬಂದು ಈಚೆ 52 ಸೆಂ.ಮೀ., ಮತ್ತೆ ಆಚೆ 29 ಸೆಂ.ಮೀ. ನೀವು ಕಂಡ ತೂಗಾಟ ಇದೇ. `umax` ಅನ್ನು 1000 ಮಾಡಿ ಓಡಿಸಿದರೆ ಎರಡು ಸಾಲಿನಲ್ಲೇ ಸೊನ್ನೆ ಬರುತ್ತದೆ. ನಿಮ್ಮ ಸಿಮ್ಯುಲೇಶನ್ ಚೆನ್ನಾಗಿ ಬಂದದ್ದು ಅದರಲ್ಲಿ ಮಿತಿಯೇ ಇಲ್ಲದ್ದರಿಂದ.

ಇದೇ ಮೋಟರ್‌ಗೆ T = 1 ಇಟ್ಟ "ನಿಧಾನದ" ಡೆಡ್‌ಬೀಟ್ ಹಾಕಿದರೆ? -1, +1, ಎರಡು ಸೆಕೆಂಡ್, ಮುಗಿಯಿತು. 1 ನ್ಯೂಟನ್‌ನಲ್ಲಿ ಯಾರಿಂದಲೂ ಸಾಧ್ಯವಿರುವ ಅತಿ ಕಡಿಮೆ ಸಮಯವೇ ಅದು. ಹತ್ತು ಪಟ್ಟು ವೇಗದ ಸ್ಯಾಂಪ್ಲಿಂಗ್ ಮಾಡಿದವರು ಆ ಹೊತ್ತಿಗೆ ಗುರಿ ದಾಟಿ ಓಡುತ್ತಿರುತ್ತಾರೆ. T ಚಿಕ್ಕದಾದಷ್ಟೂ ಒಳ್ಳೆಯದು ಅನ್ನುವವರು ಈ ಎರಡು ಓಟಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.

ಅಂದಮಾತ್ರಕ್ಕೆ T ದೊಡ್ಡದಿಡಿ ಅನ್ನುತ್ತಿಲ್ಲ. ಒಂದು ಸೆಕೆಂಡ್ ಕಣ್ಣು ಮುಚ್ಚಿ ಕೂತ ಕಂಟ್ರೋಲರ್‌ಗೆ ನಡುವೆ ಯಾರಾದರೂ ಗಾಡಿಯನ್ನು ತಳ್ಳಿದರೂ ಗೊತ್ತಾಗುವುದಿಲ್ಲ. ಬೇರ್ಪಡಿಸಬೇಕಾದದ್ದು ಎರಡು ವಿಷಯ: ಎಷ್ಟು ಸಲ ನೋಡುತ್ತೇವೆ, ಎಷ್ಟು ಹೊತ್ತಿನಲ್ಲಿ ಮುಗಿಸುತ್ತೇವೆ. ಡೆಡ್‌ಬೀಟ್ ಇವೆರಡನ್ನೂ ಗಂಟು ಹಾಕಿಬಿಡುತ್ತದೆ, ಅದರ ನಿಜವಾದ ದೋಷ ಅದೇ.

ಗಂಟು ಬಿಚ್ಚುವ ಸುಲಭ ದಾರಿ ಪೋಲ್‌ಗಳನ್ನು ಸೊನ್ನೆಯಿಂದ ಎತ್ತುವುದು. ಎರಡೂ ಪೋಲ್ p ನಲ್ಲಿದ್ದರೆ ಸ್ಥಾನದ ಗೇನ್ (1-p)²/T² ಆಗುತ್ತದೆ. T = 0.1, p = 0.9 ಹಾಕಿದರೆ ಅದು 1 ಮಾತ್ರ, ವೇಗದ ಗೇನ್ 1.95. ಬಲ ಎಲ್ಲೂ 1 ನ್ಯೂಟನ್ ಮೀರುವುದಿಲ್ಲ, ಆದರೆ ದೋಷ 2 ಸೆಂ.ಮೀ.ಗೆ ಇಳಿಯಲು ಸುಮಾರು 5.5 ಸೆಕೆಂಡ್ ಬೇಕು. ಮೊದಲ ಕ್ಷಣ ಬಿಟ್ಟರೆ ಮೋಟರ್‌ನ ಶಕ್ತಿ ಪೂರ್ತಿ ಬಳಕೆಯಾಗುವುದೇ ಇಲ್ಲವಲ್ಲ.

ಇದಕ್ಕಿಂತ ಒಳ್ಳೆಯದು ಚಲನೆಯ ನಕ್ಷೆಯನ್ನು ಮೊದಲೇ ಹಾಕಿಟ್ಟುಕೊಂಡು, ಅದರಿಂದಾಗುವ ವಿಚಲನೆಯನ್ನಷ್ಟೇ ಫೀಡ್‌ಬ್ಯಾಕ್‌ಗೆ ಬಿಡುವುದು. ನಕ್ಷೆಗೆ 0.8 ನ್ಯೂಟನ್ ಕೊಡಿ, 1 ಮೀಟರ್ 2.24 ಸೆಕೆಂಡ್‌ನಲ್ಲಿ ಮುಗಿಯುತ್ತದೆ. ಫೀಡ್‌ಬ್ಯಾಕ್‌ಗೆ 0.2 ಉಳಿಯಿತು. ಈ ಫೀಡ್‌ಬ್ಯಾಕ್ ಡೆಡ್‌ಬೀಟ್ ಆಗಿರಬಹುದೇ? ಆಗಬಹುದು, ಆದರೆ ಗೇನ್ 100 ಇರುವಾಗ 2 ಮಿ.ಮೀ. ವಿಚಲನೆಗೇ ಆ 0.2 ಖರ್ಚಾಗುತ್ತದೆ. T = 0.01 ಆದರಂತೂ ಗೇನ್ 10,000, ಸೆನ್ಸರ್ 1 ಮಿ.ಮೀ. ತಪ್ಪು ಹೇಳಿದರೆ 10 ನ್ಯೂಟನ್ ಕೇಳುತ್ತದೆ. ಗಾಡಿ ನಿಂತಲ್ಲೇ ನಡುಗುತ್ತಿದ್ದರೆ ಮೊದಲು ಸೆನ್ಸರ್ ಗದ್ದಲವನ್ನು ಈ ಗೇನ್‌ನಿಂದ ಗುಣಿಸಿ ನೋಡಿ.

ಹಾಗಾದರೆ ಡೆಡ್‌ಬೀಟ್ ಎಲ್ಲಿ ಬದುಕಿದೆ? ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಇನ್ವರ್ಟರ್‌ಗಳ ಕರೆಂಟ್ ಲೂಪ್‌ನಲ್ಲಿ. ಅಲ್ಲಿ ಪ್ಲಾಂಟ್ ಅಂದರೆ ಒಂದು ಇಂಡಕ್ಟರ್, ಸ್ಟೇಟ್ ಒಂದೇ, ಬೇಕಾದ ವೋಲ್ಟೇಜ್ L·Δi/T, ಇಲ್ಲಿ L ಅಂದರೆ ಸಮಯವಲ್ಲ, ಇಂಡಕ್ಟೆನ್ಸ್. ಹತ್ತು ಪಟ್ಟು ಬೇಗಕ್ಕೆ ಹತ್ತೇ ಪಟ್ಟು, ನೂರಲ್ಲ. ಇಂಡಕ್ಟೆನ್ಸ್ 5 ಮಿಲಿಹೆನ್ರಿ, T 100 ಮೈಕ್ರೊಸೆಕೆಂಡ್ ಇದ್ದರೆ ಪ್ರತಿ 1 ಆಂಪಿಯರ್ ಬದಲಾವಣೆಗೆ 50 ವೋಲ್ಟ್. ಬಸ್ 300 ವೋಲ್ಟ್, ಮೋಟರ್‌ನ ಬ್ಯಾಕ್ ಇಎಂಎಫ್ 200 ಇದ್ದರೆ ಕರೆಂಟ್ ಏರಿಸಲು ಉಳಿದದ್ದು 100, ಒಂದು ಸ್ಯಾಂಪಲ್‌ಗೆ 2 ಆಂಪಿಯರ್. ಕಮಾಂಡ್ ಅಷ್ಟರೊಳಗೇ ಏರಿಳಿಯುವಂತೆ ನೋಡಿಕೊಂಡರೆ ಡೆಡ್‌ಬೀಟ್ ಮಾತು ಉಳಿಸಿಕೊಳ್ಳುತ್ತದೆ.

ಅಲ್ಲಿ ಕಾಡುವುದು ಬೇರೆ ಸಮಸ್ಯೆ. ಕೋಡ್‌ನಲ್ಲಿ ಬರೆದ ಇಂಡಕ್ಟೆನ್ಸ್ ನಿಜವಾದದ್ದರ r ಪಟ್ಟು ಇದ್ದರೆ ಪೋಲ್ ಸೊನ್ನೆಯಲ್ಲಿರದೆ 1 - r ಗೆ ಸರಿಯುತ್ತದೆ. ಕರೆಂಟ್ ಹೆಚ್ಚಾಗಿ ಕೋರ್ ಸ್ಯಾಚುರೇಟ್ ಆಗಿ ಇಂಡಕ್ಟೆನ್ಸ್ ಅರ್ಧಕ್ಕಿಳಿಯಿತು ಅನ್ನಿ, r = 2, ಪೋಲ್ -1. ಕರೆಂಟ್ ಒಂದು ಸ್ಯಾಂಪಲ್ ಮೇಲೆ, ಒಂದು ಸ್ಯಾಂಪಲ್ ಕೆಳಗೆ ಕುಣಿಯುತ್ತದೆ, 10 ಕಿಲೊಹರ್ಟ್ಸ್ ಸ್ಯಾಂಪ್ಲಿಂಗ್‌ನಲ್ಲಿ 5 ಕಿಲೊಹರ್ಟ್ಸ್‌ನ ಸಿಳ್ಳೆ ಕಿವಿಗೇ ಕೇಳಿಸುತ್ತದೆ. ಭಾರ ಹೆಚ್ಚಿದಾಗ ಮಾತ್ರ ಸಿಳ್ಳೆ ಬಂದರೆ ಅನುಮಾನ ಕೋರ್ ಮೇಲಿರಲಿ. ಕೋಡ್‌ನಲ್ಲಿ ಇಂಡಕ್ಟೆನ್ಸ್ ಅನ್ನು ಬೇಕೆಂತಲೇ 0.7 ಪಟ್ಟು ಬರೆಯಿರಿ. ಮಾಮೂಲಿ ಕರೆಂಟ್‌ನಲ್ಲಿ ಪೋಲ್ 0.3, ಮೂರು ಸ್ಯಾಂಪಲ್‌ನಲ್ಲಿ ದೋಷ 3 ಶೇಕಡಾಕ್ಕಿಂತ ಕೆಳಗೆ. ಕೋರ್ ಸ್ಯಾಚುರೇಟ್ ಆಗಿ ಇಂಡಕ್ಟೆನ್ಸ್ ಅರ್ಧವಾದಾಗಲೂ ಪೋಲ್ -0.4 ದಾಟುವುದಿಲ್ಲ, ಎರಡು ಮೂರು ಸಲ ಅಲುಗಿ ಸುಮ್ಮನಾಗುತ್ತದೆ.